ಮಾಸ್ಟ್ರು ಎರಡೂ “ಗ್ಲಿ” ಗುಳಿಗೆ ಒಟ್ಟಿಗೆ ತಗೊಂಡ ಕೇಸ್

ಇದು ಉಡುಪಿಯ ಒಂದು ಮೆಡಿಕಲ್ ಶಾಪಿನ ಕೇಸ್. ನಾನಲ್ಲಿ ಫಾರ್ಮಸಿಸ್ಟ್, ಶುಗರ್ ಬಿಪಿಯವ್ರನ್ನು ಕೂರಿಸಿ ಮದ್ದಿನ ಬಗ್ಗೆ ಮಾತಾಡುವ ಕೆಲ್ಸನೂ ನಂದೇ. ಹೆಸ್ರು ಬೇಡ, ಗುರುತು ಸಿಗದ ಹಾಗೆ ಒಂದೆರಡು ವಿಷಯ ಬದಲಾಯಿಸಿದ್ದೇನೆ. ಎಪ್ಪತ್ತು ದಾಟಿದ ರಿಟೈರ್ಡ್ ಪ್ರೈಮರಿ ಶಾಲೆ ಮಾಸ್ಟ್ರು, ಇಲ್ಲಿ ಮಾಸ್ಟ್ರು ಅಂತ್ಲೇ ಕರೀತೇನೆ.

ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ಬಂದ್ರು. ಕೌಂಟರ್ ಮೇಲೆ ಎರಡು ಸ್ಟ್ರಿಪ್ ಇಟ್ರು, ಒಂದು ಹೊಸತು, ಇನ್ನೊಂದು ಕತ್ತರಿಸಿ ಕತ್ತರಿಸಿ ಮೂರು ಗುಳಿಗೆಯ ತುಂಡು ಮಾತ್ರ ಉಳಿದದ್ದು.

“ಎರಡೂ ಒಂದೊಂದು ತಿಂಗಳಿಗೆ ಕೊಡು ಮಗಾ, ಶುಗರ್‌ದು.”

ಹೊಸತು ಗ್ಲಿಕ್ಲಾಜೈಡ್ ಎಂಆರ್ 30 ಎಂಜಿ. ಹಳೇ ತುಂಡಿನ ಹಿಂದೆ ಹೆಸ್ರು ಅರ್ಧಕ್ಕೆ ಕಟ್ ಆಗಿತ್ತು, “ಗ್ಲಿಮೆ” ಅಂತ ಮತ್ತೆ ಕೆಳಗೆ 1 ಎಂಜಿ ಅಂತ ಮಾತ್ರ ಕಾಣ್ತಿತ್ತು, ಅಂದ್ರೆ ಗ್ಲಿಮೆಪಿರೈಡ್. ಚೀಟಿ ಕೇಳಿದೆ, ಕಿಸೆಯಿಂದ ತೆಗೆದು ಕೊಟ್ರು. ಅದ್ರಲ್ಲಿ ಮೆಟ್‌ಫಾರ್ಮಿನ್ ಉಂಟು, ಬಿಪಿಗೆ ಮೆಟೊಪ್ರೊಲಾಲ್ ಉಂಟು, ಗ್ಲಿಕ್ಲಾಜೈಡ್ ಉಂಟು. ಗ್ಲಿಮೆಪಿರೈಡ್ ಇಲ್ಲ. ಆದ್ರೆ ಅದನ್ನು ನಿಲ್ಲಿಸಿ ಅಂತಲೂ ಎಲ್ಲೂ ಬರೆದಿಲ್ಲ. ಇಂಥ ಚೀಟಿ ನಾನು ತುಂಬಾ ನೋಡಿದ್ದೇನೆ. ಬರೀದಿದ್ರೆ ನಿಲ್ಲಿಸಿದ್ದು ಅಂತ ಡಾಕ್ಟ್ರ ಲೆಕ್ಕ, ಬೇಡ ಅಂತ ಬರೀದಿದ್ರೆ ಮನೆಯಲ್ಲಿ ಇರುವುದು ಮುಂದುವರಿಸುವುದು ಅಂತ ಪೇಷೆಂಟ್ ಲೆಕ್ಕ, ಇಬ್ರೂ ಅವರವರ ಮಟ್ಟಿಗೆ ಸರಿಯೇ.

“ಮಾಸ್ಟ್ರೇ, ಇದನ್ನು ದಿನಾ ಹೇಗೆ ತಗೊಳ್ತೀರಿ, ಬೆಳಿಗ್ಗೆಯಿಂದ ಸ್ವಲ್ಪ ಹೇಳಿ ನೋಡುವ” ಅಂದೆ. ಸರಿಯಾಗಿ ತಗೊಳ್ತಿದ್ದೀರಾ ಅಂತ ಕೇಳಿದ್ರೆ ಎಲ್ರೂ ಹೌದು ಅಂತಾರೆ, ಅದ್ರಿಂದ ಏನೂ ಗೊತ್ತಾಗುವುದಿಲ್ಲ, ಹೇಳ್ಲಿಕ್ಕೆ ಬಿಟ್ರೆ ಎಲ್ಲ ಹೊರಗೆ ಬರ್ತದೆ.

“ತಿಂಡಿಗೆ ಮುಂಚೆ ಈ ಹಳೇದು, ಅದು ವರ್ಷಗಟ್ಲೆ ಅಭ್ಯಾಸ. ತಿಂಡಿ ಜೊತೆಗೆ ಹೊಸತು. ಹೊಸತು 30, ಹಳೇದು ಬರೀ 1. ಮೂವತ್ತರ ಎದ್ರು ಒಂದು ಎಂತ ದೊಡ್ಡ ವಿಷಯ? ಹೆಸ್ರೂ ಹೆಚ್ಚುಕಮ್ಮಿ ಒಂದೇ, ಒಂದೇ ಮದ್ದು ಬೇರೆ ಕಂಪೆನಿದು ಅಂತ ಗ್ರಹಿಸಿದೆ. ಡಾಕ್ಟ್ರು ಜೋರು ಮಾಡ್ಲಿಕ್ಕೆ ಹೊಸತು ಕೊಟ್ಟದ್ದಲ್ವಾ?”

ನೋಡಿ, ಗಲಿಬಿಲಿ ಹೆಸ್ರಿನಿಂದ ಶುರುವಾದದ್ದು ಹೌದು, ಆದ್ರೆ ಅದನ್ನು ಗಟ್ಟಿ ಮಾಡಿದ್ದು ಆ ನಂಬರ್. ಎಂಜಿ ಅಂದ್ರೆ ಗುಳಿಗೆಯೊಳಗಿನ ಮದ್ದಿನ ತೂಕ, ಅದ್ರ ಶಕ್ತಿ ಅಲ್ಲ. ಒಂದೇ ಮದ್ದಾದ್ರೆ 1ಕ್ಕಿಂತ 2 ಜಾಸ್ತಿ, ಆದ್ರೆ ಬೇರೆ ಬೇರೆ ಮದ್ದಿನ ಎಂಜಿಯನ್ನು ಪಕ್ಕಪಕ್ಕ ಇಟ್ಟು ನೋಡ್ಲಿಕ್ಕೆ ಆಗುವುದೇ ಇಲ್ಲ. ಗ್ಲಿಮೆಪಿರೈಡ್ 1 ಎಂಜಿ ಮಾಡುವ ಕೆಲ್ಸವೂ ಗ್ಲಿಕ್ಲಾಜೈಡ್ ಎಂಆರ್ 30 ಎಂಜಿ ಮಾಡುವ ಕೆಲ್ಸವೂ ಹೆಚ್ಚುಕಡಿಮೆ ಸಮ. ಮಾಸ್ಟ್ರು ಚೂರು ಸೇರಿಸಿದ್ದು ಅಂತ ಗ್ರಹಿಸಿದ್ದು ನಿಜವಾಗಿ ಡಬಲ್ ಡೋಸ್.

ಅವು ಒಂದೇ ಮದ್ದಲ್ಲ, ಆದ್ರೆ ಒಂದೇ ಕುಟುಂಬ, ಸಲ್ಫೋನೈಲ್‌ಯೂರಿಯಾ ಅಂತ. ಎರಡೂ ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡು ಬಿಡು ಅಂತ ಒತ್ತಾಯ ಮಾಡುವಂಥವು. ಹೊಟ್ಟೆಗೆ ಏನಾದ್ರೂ ಬಿದ್ದಿದೆಯಾ ಇಲ್ವಾ ಅಂತ ಅವು ಕಾಯುವುದಿಲ್ಲ, ಊಟ ತಪ್ಪಿದ್ರೂ ಒತ್ತುತ್ತಾ ಇರ್ತವೆ, ಹಾಗಾಗಿ ಶುಗರ್ ತೀರಾ ಕೆಳಗೆ ಹೋಗುವ ಅಪಾಯ ಈ ಕುಟುಂಬದಲ್ಲಿ ಜಾಸ್ತಿ. ಮೆಟ್‌ಫಾರ್ಮಿನ್ ಹಾಗಲ್ಲ, ಅದೊಂದೇ ತಗೊಂಡ್ರೆ ಸಾಧಾರಣವಾಗಿ ಲೋ ಆಗುವುದಿಲ್ಲ. ಅದಕ್ಕೇ ಮೆಟ್‌ಫಾರ್ಮಿನ್ ಜೊತೆ ಇವುಗಳಲ್ಲಿ ಒಂದು ಕೊಡ್ತಾರೆ, ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ.

ಮಾತಾಡ್ತಾ ಇದ್ದ ಹಾಗೆ ಅವ್ರ ಹಣೆ ನೋಡಿದೆ. ಫ್ಯಾನಿನ ಕೆಳಗೇ ನಿಂತಿದ್ರು, ಕತ್ತಿನ ಹತ್ರ ಶರ್ಟ್ ಪೂರ್ತಿ ಒದ್ದೆ.

“ಬೆವರ್ತಿದೆಯಲ್ಲ ಮಾಸ್ಟ್ರೇ.”

“ಸೆಕೆ ಅಲ್ವಾ ಮಾರಾಯ್ತಿ. ಒಂದು ವಾರದಿಂದ ಈ ಹೊತ್ತಿಗೆ ಹೀಗೇ. ರಾತ್ರಿ ಬನಿಯನ್ ಕೂಡ ಒದ್ದೆ ಆಗ್ತದೆ. ಕೈಯೇನೂ ನಡುಗುವುದಿಲ್ಲ, ಎದೆಯೂ ಹೊಡ್ಕೊಳ್ಳುವುದಿಲ್ಲ, ಹಾಗಾಗಿ ಶುಗರ್ ಲೋ ಅಲ್ಲ ಅಂತ ನಂಗೆ ಗೊತ್ತುಂಟು.”

ಇಲ್ಲಿ ನಂಗೆ ನಿಜವಾಗಿ ಹೆದ್ರಿಕೆ ಆದದ್ದು. ಅವ್ರ ಬಿಪಿ ಮದ್ದು ಮೆಟೊಪ್ರೊಲಾಲ್, ಅದೊಂದು ಬೀಟಾ ಬ್ಲಾಕರ್. ಶುಗರ್ ಇಳಿದಾಗ ಕೈ ನಡುಗಿಸಿ ಎದೆ ಬಡಿತ ಏರಿಸಿ ಮೈ ಎಚ್ಚರಿಕೆ ಕೊಡ್ತದಲ್ಲ, ಈ ಬೀಟಾ ಬ್ಲಾಕರ್ ಆ ಎರಡನ್ನೂ ಅಡಗಿಸಿ ಬಿಡ್ತದೆ, ಬೆವರು ಮಾತ್ರ ಉಳೀತದೆ, ಮತ್ತೆ ಕರಾವಳಿಯ ಸೆಕೆಯಲ್ಲಿ ಬೆವರನ್ನು ಯಾರು ಲೆಕ್ಕಕ್ಕೆ ಇಡ್ತಾರೆ? ಸೆಕೆಯ ಬೆವರೋ ಲೋ ಶುಗರ್ ಬೆವರೋ ಅಂತ ಗೊತ್ತಾಗ್ಬೇಕಾದ್ರೆ ಒಂದಷ್ಟು ಗುರುತು ಉಂಟು. ತಿಂಡಿ ಆಗಿ ಮೂರ್ನಾಲ್ಕು ಗಂಟೆ ಕಳೆದ ಮೇಲೆ ಬರ್ತದಾ, ತಿಂದ ಕೂಡಲೇ ಹೋಗ್ತದಾ, ಪಕ್ಕದವ್ರು ಆರಾಮಿರುವಾಗ ನಿಮಗೊಬ್ರಿಗೇ ಬೆವರ್ತದಾ, ಜೊತೆಗೆ ತಲೆ ಮಂಕಾಗುವುದು, ಸುಮ್ಮನೆ ಸಿಟ್ಟು ಬರುವುದು ಉಂಟಾ ಅಂತ. ಮಾಸ್ಟ್ರಿಗೆ ಎಲ್ಲದಕ್ಕೂ ಹೌದು. ಆದ್ರೂ ಖಾತ್ರಿ ಆಗುವುದು ಮೀಟರಿನಲ್ಲೇ. ಬೆರಳು ಚುಚ್ಚಿ ನೋಡಿದೆ, 62 ಬಂತು. 70ಕ್ಕಿಂತ ಕೆಳಗೆ ಅಂದ್ರೆ ಲೋ.

ಸ್ಟೂಲಿನಲ್ಲಿ ಕೂರಿಸಿ ಗ್ಲೂಕೋಸ್ ಪೌಡರ್ ಮೂರು ಚಮಚ ನೀರಿಗೆ ಹಾಕಿ ಕೊಟ್ಟೆ, ಸುಮಾರು 15 ಗ್ರಾಂ ಆಗ್ತದೆ. ಲೋಟ ಹಿಂದೆ ದೂಡಿದ್ರು.

“ಎಂತ ಮಾಡ್ತಿ ನೀನು? ಶುಗರಿನವನಿಗೆ ಸಕ್ಕರೆ ನೀರಾ? ಹತ್ತು ವರ್ಷದಿಂದ ಕಾಫಿಗೂ ಹಾಕಿಲ್ಲ.”

“ಮಾಸ್ಟ್ರೇ, ಈಗ ನಿಮ್ಮ ಶುಗರ್ 62. ಈಗ ಇದೇ ಮದ್ದು. ಕುಡೀರಿ, ಆಮೇಲೆ ಜಗಳ ಮಾಡುವ.”

ಕುಡಿದ್ರು. ಹದಿನೈದು ನಿಮಿಷ ಬಿಟ್ಟು ನೋಡಿದ್ರೆ 84. ಆಗಲೂ 70ಕ್ಕಿಂತ ಕೆಳಗಿದ್ರೆ ಅಷ್ಟನ್ನೇ ಇನ್ನೊಮ್ಮೆ ಕೊಡ್ಬೇಕು. ಗ್ಲೂಕೋಸ್ ಪುಡಿ ಇಲ್ದಿದ್ರೆ ಮನೆ ಸಕ್ಕರೆ ಮೂರು ನಾಲ್ಕು ಚಮಚ ಆಗ್ತದೆ. ಚಾಕಲೇಟು, ಹೋಳಿಗೆ ಎಲ್ಲ ಈ ಹೊತ್ತಿಗೆ ಬೇಡ, ಅದ್ರ ಕೊಬ್ಬು ಸಕ್ಕರೆ ರಕ್ತಕ್ಕೆ ಹೋಗುವುದನ್ನು ನಿಧಾನ ಮಾಡ್ತದೆ. ಪ್ರಜ್ಞೆ ತಪ್ಪಿದವ್ರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರ್ದು, ಸೀದಾ ಆಸ್ಪತ್ರೆಗೆ.

84 ನೋಡಿ ಮಾಸ್ಟ್ರು ಎದ್ದು ಹೊರಟ್ರು, ನಾನು ಬಿಡ್ಲಿಲ್ಲ. ಯಾಕಂದ್ರೆ ಗ್ಲೂಕೋಸ್ ಕೆಲ್ಸ ಮುಗಿಯುವುದು ಸ್ವಲ್ಪ ಹೊತ್ತಿನಲ್ಲೇ, ಗುಳಿಗೆಯ ಕೆಲ್ಸ ಇಡೀ ದಿನ. ಬೆಳಿಗ್ಗೆ ತಗೊಂಡ ಎರಡೂ ಹೊಟ್ಟೆಯಲ್ಲೇ ಉಂಟು, ಎಂಆರ್ ಅಂತೂ ನಿಧಾನ ನಿಧಾನ ಬಿಡ್ಲಿಕ್ಕೇ ಮಾಡಿದ್ದು, ವಯಸ್ಸಾದವ್ರ ಕಿಡ್ನಿ ಸ್ವಲ್ಪ ಹಿಂದೆ ಬಿದ್ರೆ ಮದ್ದು ಮೈಯಲ್ಲಿ ಇನ್ನೂ ಹೊತ್ತು ಉಳೀತದೆ. ಒಮ್ಮೆ ಸರಿ ಆದ ಶುಗರ್ ಮಧ್ಯಾಹ್ನವೋ ರಾತ್ರಿಯೋ ಪುನಃ ಇಳೀಬಹುದು. ಪಕ್ಕದ ಹೋಟ್ಲಿಂದ ಬನ್ಸ್ ತರಿಸಿ ತಿನ್ನಿಸಿದೆ, ಅಲ್ಲೇ ಕೂತು ಡಾಕ್ಟ್ರಿಗೆ ಫೋನ್ ಮಾಡಿದೆ. ಗುಳಿಗೆ ನಿಲ್ಲಿಸುವುದು, ಡೋಸ್ ಬದಲಾಯಿಸುವುದು ನನ್ನ ಕೆಲ್ಸ ಅಲ್ಲ, ಅವ್ರಿಂದಲೇ ಹೇಳಿಸ್ಬೇಕು. ಹಳೇದು ಪೂರ್ತಿ ಬಂದ್, ಬದಲಿಗೇ ಹೊಸತು ಕೊಟ್ಟದ್ದು, ಇವತ್ತು ರಾತ್ರಿವರೆಗೆ ಎರಡು ಮೂರು ಸಲ ಶುಗರ್ ನೋಡಿ, ಒಬ್ರು ಜೊತೆಗಿರ್ಲಿ, ನಾಳೆ ಬೆಳಿಗ್ಗೆ ರೀಡಿಂಗ್ ತಿಳಿಸಿದ ಮೇಲೆ ಮಾತ್ರ ಹೊಸ ಗುಳಿಗೆ ಅಂದ್ರು. ಕಿಡ್ನಿಯದ್ದು ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ ತನ್ನಿ ಅಂತಲೂ ಹೇಳಿದ್ರು. ಸೊಸೆಗೆ ಫೋನ್ ಹೋಯ್ತು, ಅವ್ರು ಬರುವವರೆಗೆ ಅರ್ಧ ಗಂಟೆ ಟೈಮ್ ಸಿಕ್ಕಿತು, ಸಲಹೆ ಅಂತ ಕೊಟ್ಟದ್ದೆಲ್ಲ ಆ ಅರ್ಧ ಗಂಟೆಯಲ್ಲೇ.

ಮೊದಲು ಹೆಸ್ರು ಓದುವ ವಿಷಯ. ಮಾಸ್ಟ್ರು ಇಂಗ್ಲಿಷ್ ಚೆನ್ನಾಗಿ ಓದ್ತಾರೆ, ಆದ್ರೆ ಮೊದಲ ಮೂರಕ್ಷರ ನೋಡಿ ಉಳಿದದ್ದು ಮನಸ್ಸಲ್ಲೇ ತುಂಬಿಸ್ಕೊಳ್ತಾರೆ, ಎಲ್ರೂ ಹಾಗೇ ಬಿಡಿ. ಶುಗರ್ ಮದ್ದಿನಲ್ಲಿ ಶುರುವಿನ ಅಕ್ಷರ ಉಪಯೋಗಕ್ಕೆ ಬರುವುದಿಲ್ಲ, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಎಲ್ಲ ಒಂದೇ ಥರ ಶುರು, ಮಧ್ಯ ಮತ್ತು ಕೊನೆ ಓದ್ಬೇಕು. ಅವ್ರ ಹೊಸ ಸ್ಟ್ರಿಪ್ ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲೇ ದೊಡ್ಡದಾಗಿ “ಕ್ಲಾಜೈಡ್, ಬೆಳಿಗ್ಗೆ ತಿಂಡಿ ಜೊತೆ 1” ಅಂತ ಬರೆದೆ. ಎಂಆರ್ ಇರುವ ಕಾರಣ ಜಜ್ಜಿ ಪುಡಿ ಮಾಡುವುದು ಬೇಡ, ಇಡಿಯಾಗಿ ನುಂಗಿ ಅಂತಲೂ ಹೇಳಿದೆ.

ಸ್ಟ್ರಿಪ್ ಕತ್ತರಿಸುವ ಅಭ್ಯಾಸ ಇನ್ನೊಂದು. ಪರ್ಸಿಗೆ ಹಿಡಿಯುವ ಹಾಗೆ ತುಂಡು ಮಾಡ್ತಾರೆ, ಹೆಸ್ರು ಒಂದು ತುಂಡಿಗೆ, ಎಕ್ಸ್‌ಪೈರಿ ಡೇಟ್ ಇನ್ನೊಂದಕ್ಕೆ ಹೋಗ್ತದೆ. ಡೇಟ್ ಮತ್ತೆ ಬ್ಯಾಚ್ ನಂಬರ್ ಇರುವ ತುದಿ ಕೊನೆಗೆ ಉಳಿಯುವ ಹಾಗೆ ಆಚೆ ತುದಿಯಿಂದ ಗುಳಿಗೆ ತೆಗೀರಿ, ಕತ್ತರಿ ಬೇಡವೇ ಬೇಡ ಅಂದೆ.

ಆಮೇಲೆ ಏಕಾದಶಿ. ಅವ್ರು ಕೇಳ್ಲಿಲ್ಲ, ನಾನೇ ಕೇಳಿದೆ, ಉಡುಪಿಯಲ್ಲಿ ಕೇಳದೆ ಆಗುವುದಿಲ್ಲ. ಉಪವಾಸ ಮಾಡ್ತಾರಂತೆ, ಗುಳಿಗೆ ಮಾತ್ರ ತಪ್ಪಿಸುವುದಿಲ್ಲವಂತೆ. ಅದು ಹೇಳ್ತಿರುವಾಗ ಮುಖದಲ್ಲಿ ಒಂಥರಾ ಹೆಮ್ಮೆ ಬೇರೆ. ಊಟ ಇಲ್ಲದ ದಿನ ಈ ಕುಟುಂಬದ ಗುಳಿಗೆ ಒಂದೇ ಇದ್ರೂ ಲೋ ಮಾಡಬಹುದು. ಉಪವಾಸ ಬಿಡಿ ಅಂತ ನಾನು ಹೇಳ್ಲಿಲ್ಲ, ಹೇಳಿದ್ರೆ ಕೇಳುವವ್ರೂ ಅಲ್ಲ. ಏಕಾದಶಿ ದಿನ ಮದ್ದು ಹೇಗೆ ಅಂತ ಡಾಕ್ಟ್ರ ಹತ್ರ ಮುಂಚೆಯೇ ಕೇಳಿ ಚೀಟಿಯಲ್ಲಿ ಬರೆಸ್ಕೊಳ್ಳಿ ಅಂದೆ.

ಇಷ್ಟೆಲ್ಲ ಹೇಳಿ “ಗೊತ್ತಾಯ್ತಾ” ಅಂತ ಕೇಳಿದ್ರೆ ಪುನಃ ಹೌದು ಅಂತ್ಲೇ ಬರ್ತದೆ. ಸೊಸೆ ಬಂದ ಕೂಡಲೇ “ಮಾಸ್ಟ್ರೇ, ನೀವೇ ಪಾಠ ಮಾಡಿ” ಅಂದೆ. ಖುಷಿಯಿಂದ ಶುರು ಮಾಡಿದ್ರು. ಲೋ ಆದ್ರೆ ಮೂರು ಚಮಚ ಗ್ಲೂಕೋಸ್, ಹದಿನೈದು ನಿಮಿಷ, ಆಮೇಲೆ ತಿಂಡಿ, ಎಲ್ಲ ಸರಿ. ಗುಳಿಗೆಗೆ ಬಂದಾಗ ಮಾತ್ರ “ಹಳೇದು ಖಾಲಿ ಆದ ಮೇಲೆ ಹೊಸತು” ಅಂದ್ರು! ವೇಸ್ಟ್ ಮಾಡುವುದು ಅವ್ರಿಗೆ ಆಗುವುದೇ ಇಲ್ಲ. ಪುನಃ ಮೊದಲಿಂದ ಹೇಳಿದೆ, ಈ ಸಲ ಡಾಕ್ಟ್ರು ಫೋನಿನಲ್ಲಿ ಹೇಳಿದ್ದನ್ನು ಚೀಟಿಯ ಮೇಲೆ “ಗ್ಲಿಮೆಪಿರೈಡ್ ಬಂದ್” ಅಂತ ಬರೆದು ಅವ್ರಿಂದಲೇ ಜೋರಾಗಿ ಓದಿಸಿದೆ.

“ಮನೆಯಲ್ಲಿ ಇನ್ನೂ ಎರಡು ಸ್ಟ್ರಿಪ್ ಉಂಟು ಅದು. ನೀನು ವಾಪಸ್ ತಗೊಳ್ತಿಯಾ?”

“ಇಲ್ಲ ಮಾಸ್ಟ್ರೇ, ಮನೆಗೆ ಹೋಗಿ ಬಂದ ಮದ್ದನ್ನು ಇನ್ನೊಬ್ರಿಗೆ ಮಾರ್ಲಿಕ್ಕೆ ಆಗುವುದಿಲ್ಲ. ಎಲ್ಲಿ ಹೇಗೆ ಇಟ್ಟದ್ದೋ ಯಾರಿಗೆ ಗೊತ್ತು.”

“ನಮ್ಮ ಪಕ್ಕದ ಮನೆಯವನಿಗೂ ಶುಗರ್ ಉಂಟು, ಅವ್ನಿಗೆ ಕೊಟ್ರೆ?”

ಸೊಸೆ ತಲೆ ಚಚ್ಚಿಕೊಂಡ್ರು. ಕೊಡಬೇಡಿ ಅಂತ ಹೇಳಿ ಅವ್ರಿಗೆ ತೋರಿಸ್ಕೊಟ್ಟೆ, ಎಲ್ಲ ಗುಳಿಗೆ ಸ್ಟ್ರಿಪ್ಪಿನಿಂದ ತೆಗೆದು, ಕಾಫಿ ಚರಟದ ಜೊತೆ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ ಅಂತ. ರಾತ್ರಿ ಎಂಟಕ್ಕೆ ಸೊಸೆ ಫೋನ್ ಮಾಡಿದ್ರು, ಸಂಜೆ ಪುನಃ 74ಕ್ಕೆ ಇಳಿದಿತ್ತಂತೆ, ಎರಡು ಇಡ್ಲಿ ತಿಂದ ಮೇಲೆ ಈಗ 128. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 116, ಡಾಕ್ಟ್ರು ಹೊಸತು ಒಂದೇ ಮುಂದುವರಿಸ್ಲಿಕ್ಕೆ ಹೇಳಿದ್ರು. ಮಾಸ್ಟ್ರಿಗೆ ಮಾತ್ರ ಬೇಜಾರು, ಹೋದ ವಾರ 88 ಬರ್ತಿತ್ತು, ಈಗ 116, ಕಂಟ್ರೋಲ್ ಹಾಳಾಯ್ತಲ್ಲ ಅಂತ. ಆ 88 ಎರಡು ಗುಳಿಗೆಯ 88, ನಿಮ್ಮ ವಯಸ್ಸಿಗೆ 116 ಏನೂ ಹಾಳಲ್ಲ ಅಂತ ಹೇಳಿದೆ, ಒಪ್ಪಿದ ಹಾಗೆ ಕಾಣ್ಲಿಲ್ಲ, ಮುಂದಿನ ಸಲ ಬಂದಾಗ ಪುನಃ ಕೂತು ಮಾತಾಡ್ಬೇಕು.