ಅಜ್ಜನ ಪತ್ರವನ್ನು ಅಪ್ಪನಿಗೆ ಓದಿ ಹೇಳಲೇ?

ಪ್ರಶ್ನೆ: ನನ್ನ ಅಪ್ಪನಿಗೆ ಈಗ 84 ವರ್ಷ. ನನ್ನ ಅಜ್ಜ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಟರ್ ಓದುವಾಗ ಅಸಹಕಾರ ಚಳವಳಿ ಸೇರಿ ಓದು ಬಿಟ್ಟರು. ರಾಷ್ಟ್ರೀಯ ಶಾಲೆಯೊಂದರಲ್ಲಿ ಮಾಸ್ತರಾದರು. ಆ ಶಾಲೆ ಮುಚ್ಚಿತು, ಮನೆ ಬಡವಾಯಿತು. ಅಪ್ಪನಿಗೆ ಮೆಟ್ರಿಕ್ ಮುಗಿಸಲು ಆಗಲಿಲ್ಲ, ಅಂಗಡಿಯಲ್ಲಿ ಲೆಕ್ಕ ಬರೆದು ಬದುಕಿದರು. "ದೇಶ ಕಟ್ಟಾಕ ಹೋಗಿ ಮನಿ ಕೆಡವಿದ" ಎಂದು ಈಗಲೂ ಅಜ್ಜನನ್ನು ಬೈಯುತ್ತಾರೆ.

ಮೊನ್ನೆ ಹೊಲದ ಕಾಗದಗಳ ಗಂಟಿನಲ್ಲಿ ಒಂದು ಪತ್ರ ಸಿಕ್ಕಿತು. 1921ರ ಜನವರಿಯಲ್ಲಿ ಅಜ್ಜ ತನ್ನ ತಂದೆಗೆ ಬರೆದದ್ದು. ಮುತ್ತಜ್ಜ ಊರಿನ ಕುಲಕರ್ಣಿ. ಕೆಲವು ಸಾಲು ಹೀಗಿವೆ: "ನನಗೆ ಹದಿನಾರು ತುಂಬಿ ಎರಡು ವರುಷವಾಯಿತು. ಆದ್ದರಿಂದ ಈ ನಿರ್ಧಾರ ನನ್ನದೇ, ತಮ್ಮ ಮೇಲೆ ಇದರ ಹೊಣೆ ಇಲ್ಲ. ತಾವು ಕುಲಕರ್ಣಿಕೆ ಬಿಡಬೇಕೆಂದು ನಾನು ಕೇಳುವುದಿಲ್ಲ. ತಾವು ಕಟ್ಟಿದ ಫೀ ದುಡಿದು ತೀರಿಸುವೆನು. ಬರುವ ವರುಷ ಇಷ್ಟು ಹೊತ್ತಿಗೆ ಎಲ್ಲ ಸರಿಹೋಗುವುದು. ಅಪ್ಪಣೆ ಕೇಳುವ ಧೈರ್ಯವಿಲ್ಲ, ಆಶೀರ್ವಾದ ಕೇಳುತ್ತೇನೆ." ಕೆಳಗೆ ಮುತ್ತಜ್ಜನ ಅಕ್ಷರದಲ್ಲಿ, "ಜವಾಬು ಬರೆದಿಲ್ಲ."

ಇದನ್ನು ಅಪ್ಪನಿಗೆ ಓದಿ ಹೇಳಿದರೆ ಸಿಟ್ಟು ಇಳಿಯಬಹುದಾ? ಅಥವಾ ಈ ವಯಸ್ಸಿನಲ್ಲಿ ಸುಮ್ನೆ ಗಾಯ ಕೆದಕಿದಂತೆ ಆಗುತ್ತಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಓದಿ ಹೇಳಿ. ಆದರೆ ಅದಕ್ಕೂ ಮೊದಲು ನೀವೊಬ್ಬರೇ ಕೂತು ಇನ್ನೊಮ್ಮೆ ನಿಧಾನವಾಗಿ ಓದಿ. ಈ ಪತ್ರದಲ್ಲಿ ನಿಮ್ಮ ಕಣ್ಣಿಗೆ ಬೀಳದ ಕೆಲವು ಸಂಗತಿಗಳಿವೆ. ಅಪ್ಪ ಪ್ರಶ್ನೆ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಮೊದಲು ಆ ಹದಿನಾರರ ಮಾತು. ಈಗ ಓದಿದರೆ "ನಾನು ದೊಡ್ಡವನಾಗಿದ್ದೇನೆ, ನೀವು ಕೇಳಬೇಡಿ" ಅಂದ ಹಾಗೆ ಕಾಣುತ್ತದೆ. ನಿಮ್ಮ ಅಪ್ಪನಿಗೂ ಹಾಗೇ ಕೇಳಿಸಬಹುದು. ಆದರೆ ಅದಕ್ಕೆ ಹಿಂದಿನ ತಿಂಗಳು, 1920ರ ಡಿಸೆಂಬರ್‌ನಲ್ಲಿ, ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಿತ್ತು. ಅಲ್ಲಿ ಒಪ್ಪಿದ ಅಸಹಕಾರದ ನಿರ್ಣಯದಲ್ಲಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದ್ದರು. ಹದಿನಾರರ ಒಳಗಿನ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಬೇಕಾದವರು ತಂದೆತಾಯಿ. ಹದಿನಾರು ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ನೇರವಾಗಿ ಕರೆ: ಈ ಸರ್ಕಾರದ ಹಿಡಿತದಲ್ಲಿರುವ ಕಾಲೇಜಿನಲ್ಲಿ ಓದುವುದಕ್ಕೆ ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ, ಮುಂದೇನಾಗುತ್ತದೆ ಎಂದು ನೋಡದೆ ಹೊರಗೆ ಬನ್ನಿ. ಬಂದಮೇಲೆ ಚಳವಳಿಯ ಕೆಲಸ ಮಾಡಿ, ಇಲ್ಲವೇ ರಾಷ್ಟ್ರೀಯ ಶಾಲೆಗಳಲ್ಲಿ ಓದು ಮುಂದುವರಿಸಿ.

ಅಂದರೆ ನಿಮ್ಮ ಅಜ್ಜ ನಿರ್ಣಯವನ್ನು ಓದಿಕೊಂಡೇ ಪತ್ರ ಬರೆದಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದರ ಮುಂದಿನ ಸಾಲು. ಕುಲಕರ್ಣಿ ಎಂದರೆ ಊರಿನ ಕಂದಾಯದ ಲೆಕ್ಕ ಬರೆಯುವವರು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ನೇರ ಬ್ರಿಟಿಷ್ ಆಡಳಿತ. ಕುಲಕರ್ಣಿಯ ಮಗ ಸರ್ಕಾರದ ವಿರುದ್ಧ ನಿಂತ ಎಂದರೆ ಮೇಲಿನ ಅಧಿಕಾರಿಗಳು ಮೊದಲು ಕೇಳುವುದು ತಂದೆಯನ್ನೇ. ಆದ್ದರಿಂದ "ನಿರ್ಧಾರ ನನ್ನದೇ, ತಮ್ಮ ಮೇಲೆ ಹೊಣೆ ಇಲ್ಲ" ಎಂದು ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ಯಾರಾದರೂ ಕೇಳಿದರೆ ತಂದೆ ಈ ಕಾಗದವನ್ನೇ ತೋರಿಸಬಹುದಿತ್ತು. ನಾನು ಆ ಸಾಲನ್ನು ಹೀಗೆ ಓದುತ್ತೇನೆ: ಹದಿನೆಂಟರ ಹುಡುಗ ತನ್ನ ತಂದೆಯ ಕೆಲಸವನ್ನು ಕಾಪಾಡಲು ನೋಡುತ್ತಿದ್ದಾನೆ.

"ತಾವು ಕುಲಕರ್ಣಿಕೆ ಬಿಡಬೇಕೆಂದು ಕೇಳುವುದಿಲ್ಲ" ಎಂಬುದೂ ಬರೀ ಮರ್ಯಾದೆಯ ಮಾತಲ್ಲ. ಬಿರುದು, ಕೋರ್ಟು, ಕಾಲೇಜು, ಕೌನ್ಸಿಲ್ ಇವುಗಳನ್ನು ಮೊದಲು ಬಿಡಬೇಕು, ಸರ್ಕಾರಿ ನೌಕರಿ ಬಿಡುವುದು ಮತ್ತು ಕಂದಾಯ ಕೊಡದಿರುವುದು ಆಮೇಲಿನ ಹಂತ ಎಂದು ಚಳವಳಿಯೇ ಇಟ್ಟುಕೊಂಡಿತ್ತು. ಅಜ್ಜನಿಗೆ ಆ ಕ್ರಮ ಗೊತ್ತಿತ್ತು. ತನ್ನ ಸರದಿ ಬಂದಿದೆ, ಅಪ್ಪನ ಸರದಿ ಇನ್ನೂ ಬಂದಿಲ್ಲ ಎಂದು ಲೆಕ್ಕ ಹಾಕಿದ್ದಾರೆ. ಒಂದುವೇಳೆ ನಿಮ್ಮ ಊರು ಮೈಸೂರು ಸಂಸ್ಥಾನದಲ್ಲಿದ್ದಿದ್ದರೆ ಕಥೆ ಬೇರೆ ಇರುತ್ತಿತ್ತು. ಸಂಸ್ಥಾನಗಳ ಒಳಗಿನ ಆಡಳಿತಕ್ಕೆ ಕೈ ಹಾಕಬಾರದು ಎಂಬುದೇ ಆಗಿನ ಕಾಂಗ್ರೆಸ್ ನೀತಿ.

ಈಗ ಅಪ್ಪನ ಸಿಟ್ಟಿಗೆ ನೇರವಾಗಿ ತಾಗುವ ಸಾಲಿಗೆ ಬರೋಣ: "ಬರುವ ವರುಷ ಇಷ್ಟು ಹೊತ್ತಿಗೆ ಎಲ್ಲ ಸರಿಹೋಗುವುದು." ಇದನ್ನು ಅಜ್ಜ ಎಲ್ಲಿಂದ ತಂದರು ಎಂದು ಅಪ್ಪನಿಗೆ ತಿಳಿಯಲೇಬೇಕು. ನಾವೆಲ್ಲ ಈ ಕ್ರಮದಲ್ಲಿ ನಡೆದರೆ ಒಂದು ವರ್ಷದಲ್ಲಿ ಸ್ವರಾಜ್ಯ ಬರುತ್ತದೆ ಎಂದು ಗಾಂಧೀಜಿ ಊರೂರಲ್ಲಿ ಹೇಳುತ್ತಿದ್ದ ಕಾಲ ಅದು. 1920ರ ನವೆಂಬರ್‌ನಲ್ಲಿ ಅವರು ಬೆಳಗಾವಿ, ಧಾರವಾಡದ ಕಡೆಗೂ ಬಂದಿದ್ದರು. ಹುಡುಗರು ನಂಬಿದರು. ಅಜ್ಜ ಓದು ಬಿಟ್ಟದ್ದು ಜೀವನಪೂರ್ತಿ ಬಡವನಾಗಿರಲು ಅಲ್ಲ. ಅವರ ಲೆಕ್ಕದಲ್ಲಿ ಅದು ಒಂದು ವರ್ಷದ ಮಾತು.

ಆ ವರ್ಷ ಏನಾಯಿತು ನೋಡಿ. 1921ರ ಜುಲೈ 1ರಂದು ಧಾರವಾಡದಲ್ಲೇ ಹೆಂಡದಂಗಡಿ ಪಿಕೆಟಿಂಗ್ ವೇಳೆ ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಅಜ್ಜ ಆಗ ಊರಲ್ಲಿದ್ದರೋ ಧಾರವಾಡದಲ್ಲಿದ್ದರೋ, ಆ ಸುದ್ದಿ ಕೇಳಿದಮೇಲೆ ವಾಪಸ್ ಕಾಲೇಜಿಗೆ ಹೋಗುವುದು ಅವರಂಥವರಿಗೆ ಇನ್ನೂ ಕಷ್ಟ ಆಗಿರಬೇಕು. ಮುಂದಿನ ಫೆಬ್ರವರಿಯಲ್ಲಿ ಉತ್ತರದ ಚೌರಿಚೌರಾದಲ್ಲಿ ಗುಂಪು ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿತು. 22 ಪೊಲೀಸರು ಸತ್ತರು. ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಸ್ವರಾಜ್ಯ ಬರಲಿಲ್ಲ. ಕಾಲೇಜು ಬಿಟ್ಟು ಬಂದವರಲ್ಲಿ ಬಹಳ ಜನ ವಾಪಸ್ ಹೋದರು. ಉಳಿದವರು ರಾಷ್ಟ್ರೀಯ ಶಾಲೆಗಳಲ್ಲಿ ಉಳಿದರು. ಆ ಶಾಲೆಗಳು ಜನರ ದೇಣಿಗೆಯಿಂದ ನಡೆಯುತ್ತಿದ್ದವು, ಚಳವಳಿ ತಣ್ಣಗಾದಾಗ ದೇಣಿಗೆಯೂ ನಿಂತಿತು. ಅಲ್ಲಿ ಓದಿದ ಸರ್ಟಿಫಿಕೇಟಿಗೆ ಸರ್ಕಾರಿ ನೌಕರಿಯಲ್ಲಿ ಬೆಲೆ ಇರಲಿಲ್ಲ. ನಿಮ್ಮ ಮನೆಯ ಬಡತನ ಶುರುವಾದದ್ದು ಇಲ್ಲಿ.

ಹಾಗಾಗಿ ಅಪ್ಪನ ದೂರನ್ನು ಸುಳ್ಳು ಎಂದುಕೊಳ್ಳಬೇಡಿ. ಅದಕ್ಕೆ ಗಟ್ಟಿ ಆಧಾರ ಇದೆ. ಅದೇ 1921ರಲ್ಲಿ ಪಟ್ನಾ ಕಾಲೇಜಿನಲ್ಲಿದ್ದ ಜಯಪ್ರಕಾಶ ನಾರಾಯಣರು ಪರೀಕ್ಷೆ ಹತ್ತಿರ ಇರುವಾಗ ಓದು ಬಿಟ್ಟರು. ಬಿಹಾರ ವಿದ್ಯಾಪೀಠದಲ್ಲಿ ಇಂಟರ್ ಮುಗಿಸಿ, 1922ರಲ್ಲಿ ಅಮೆರಿಕಕ್ಕೆ ಹೋಗಿ ಓದಿದರು. ಅವರ ಮಾವ ಬ್ರಜಕಿಶೋರ ಪ್ರಸಾದರು ಸ್ವತಃ ಗಾಂಧೀಜಿಯ ಜೊತೆಗಾರರು. ಬೆನ್ನಿಗೆ ಒಂದು ಮನೆ ಇತ್ತು, ಹೋಗಲು ಒಂದು ವಿದ್ಯಾಪೀಠ ಇತ್ತು. ನಿಮ್ಮ ಅಜ್ಜನಿಗೆ ಎರಡೂ ಇರಲಿಲ್ಲ. ಹೆಜ್ಜೆ ಒಂದೇ, ತೆತ್ತ ಬೆಲೆ ಒಂದೇ ಅಲ್ಲ. ಅಜ್ಜ ತೆತ್ತಮೇಲೆ ಉಳಿದದ್ದನ್ನು ನಿಮ್ಮ ಅಪ್ಪ ತೆತ್ತರು, ಅದೂ ಯಾರೂ ಅವರನ್ನು ಕೇಳದೆ.

ಹುಡುಗರನ್ನು ಹೀಗೆ ಕಾಲೇಜಿನಿಂದ ಹೊರಗೆ ಕರೆಯುವುದು ಸರಿಯಲ್ಲ ಎಂದು ಆಗಲೇ ಹೇಳಿದ ದೊಡ್ಡವರೂ ಇದ್ದರು. ಮುಂದೆ ಏನು ಎಂಬುದು ಸಿದ್ಧವಿಲ್ಲದೆ ಹುಡುಗರು ಓದು ಬಿಡುವುದು ರವೀಂದ್ರನಾಥ ಟ್ಯಾಗೋರರಿಗೆ ಒಪ್ಪಿಗೆ ಇರಲಿಲ್ಲ. ಮದನಮೋಹನ ಮಾಳವೀಯರು ಬನಾರಸದ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಲಿಲ್ಲ. ಇವರ್ಯಾರೂ ದೇಶದ ಮೇಲೆ ಪ್ರೀತಿ ಇಲ್ಲದವರಲ್ಲ. ಉತ್ತರ ಬರೆಯದೆ ಕೂತ ಮುತ್ತಜ್ಜನ ಮನಸ್ಸಿನಲ್ಲೂ ಇಂಥದೇ ಭಯ ಇದ್ದಿರಬಹುದು. ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ. ಅದಕ್ಕೂ ಮೊದಲು ಈ ಭಾಗದ ಹುಡುಗರು ಪುಣೆ, ಮುಂಬಯಿ ಕಡೆ ಹೋಗಬೇಕಿತ್ತು. ಹತ್ತಿರದಲ್ಲೇ ಕಾಲೇಜು ಬಂತು, ಮಗ ಸೇರಿದ ಎಂದು ಸಂತೋಷಪಟ್ಟ ತಂದೆಗೆ ಈ ಪತ್ರ ಬಂತು ಅಲ್ವಾ? ಆದರೂ ಹರಿದು ಹಾಕಲಿಲ್ಲ. ಕುಲಕರ್ಣಿಗೆ ಹೊಲದ ಕಾಗದಕ್ಕಿಂತ ಮುಖ್ಯವಾದ ಕಾಗದ ಇರುವುದಿಲ್ಲ, ಅದರ ಜೊತೆ ಕಟ್ಟಿಟ್ಟರು. ಇದನ್ನು ನಿಮ್ಮ ಅಪ್ಪನಿಗೆ ಖಂಡಿತ ಹೇಳಿ.

ಫೀ ತೀರಿಸುವ ಸಾಲನ್ನು ಓದುವಾಗ ನನಗೆ ಸುಭಾಷ್ ಚಂದ್ರ ಬೋಸರ ರಾಜೀನಾಮೆ ನೆನಪಾಯಿತು. ಐಸಿಎಸ್ ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ಗೆದ್ದು, 1921ರ ಏಪ್ರಿಲ್ 22ರಂದು ಇಂಗ್ಲೆಂಡಿನಿಂದ ರಾಜೀನಾಮೆ ಬರೆದರು. ಅದರಲ್ಲೇ, ಈವರೆಗೆ ನನಗೆ 100 ಪೌಂಡ್ ಭತ್ಯೆ ಬಂದಿದೆ, ರಾಜೀನಾಮೆ ಒಪ್ಪಿದ ಕೂಡಲೇ ಹಿಂದಿರುಗಿಸುತ್ತೇನೆ ಎಂದು ತಿಳಿಸಿದ್ದಾರೆ. ಅಸಹಕಾರ ಮಾಡುವವನ ಮೇಲೆ ಯಾರ ಸಾಲವೂ ಇರಬಾರದು ಎಂಬುದು ಆ ತಲೆಮಾರಿನ ಹುಡುಗರಿಗೆ ದೊಡ್ಡ ವಿಷಯ. ಅಜ್ಜ ಆ ಫೀಯನ್ನು ನಿಜವಾಗಿ ತೀರಿಸಿದರಾ? ಅದೇ ಗಂಟಿನಲ್ಲಿ ಲೆಕ್ಕದ ಪುಸ್ತಕ, ಚೀಟಿ ಏನಾದರೂ ಇದೆಯಾ ಹುಡುಕಿ. ಕುಲಕರ್ಣಿ ಮನೆಯಲ್ಲಿ ಲೆಕ್ಕ ಬರೆಯದೆ ಇರಲಾರರು. ಸಿಕ್ಕರೆ ಅದನ್ನೂ ಅಪ್ಪನ ಮುಂದೆ ಇಡಿ. ಲೆಕ್ಕ ಬರೆದು ಬದುಕಿದವರಿಗೆ ಆ ಚೀಟಿ ನೀವು ಹೇಳುವ ನೂರು ಮಾತಿಗಿಂತ ಬೇಗ ಅರ್ಥವಾಗುತ್ತದೆ.

ಓದುವ ದಿನ ಮನೆಯಲ್ಲಿ ಜಾಸ್ತಿ ಜನ ಬೇಡ. ಮೊಮ್ಮಕ್ಕಳ ಎದುರು, ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ ಓದಿದರೆ ಅಪ್ಪನಿಗೆ ತಾನು ಕಟಕಟೆಯಲ್ಲಿ ನಿಂತಂತೆ ಅನಿಸುತ್ತದೆ. ನೀವಿಬ್ಬರೇ ಇರಿ. ಮೊದಲು ಅಕ್ಷರ ತೋರಿಸಿ, ಕಣ್ಣು ಚೆನ್ನಾಗಿದ್ದರೆ ಅವರೇ ಓದಲಿ. ನಡುವೆ ನೀವು ವಿವರಣೆ ಕೊಡಬೇಡಿ. ನಾಗಪುರ, ಚೌರಿಚೌರಾ ಎಲ್ಲ ಅವರು ಕೇಳಿದಮೇಲೆ ಹೇಳಿದರೆ ಸಾಕು. "ನೋಡಿ, ಅಜ್ಜ ಎಷ್ಟು ದೊಡ್ಡವರು" ಎಂಬ ಮಾತಂತೂ ನಿಮ್ಮ ಬಾಯಿಂದ ಬರಬಾರದು. ಬದಲಿಗೆ ಅಪ್ಪನ ಮೆಟ್ರಿಕ್ಕಿನ ಬಗ್ಗೆ ಕೇಳಿ: ಯಾವ ವರ್ಷ ಬಿಟ್ಟಿರಿ, ಫೀ ಎಷ್ಟಿತ್ತು, ಯಾರ ಹತ್ತಿರ ಕೇಳಿದ್ರಿ, ಅಜ್ಜ ಆವತ್ತು ಏನಂದ್ರು? ಇದನ್ನು ಅವರನ್ನು ಈವರೆಗೆ ಯಾರೂ ಕೂರಿಸಿ ಕೇಳಿರಲಿಕ್ಕಿಲ್ಲ.

ಸಿಟ್ಟು ಬಂದರೆ ಬರಲಿ, ವಾದ ಬೇಡ. ಸಾಕು ಅಂದರೆ ಅಲ್ಲಿಗೇ ಮಡಚಿಡಿ. ಇನ್ನೊಂದು ದಿನ ಅವರೇ "ಆ ಕಾಗದ ಎಲ್ಲಿ?" ಎಂದು ಕೇಳಬಹುದು, ಕೇಳದೆಯೂ ಇರಬಹುದು. ಸಿಟ್ಟು ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ.

ಕೊನೆಗೆ ಕಾಗದದ ವಿಚಾರ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿ ಮತ್ತು ಅಂಟು ಹಳೆಯ ಕಾಗದವನ್ನು ಹಾಳು ಮಾಡುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ. ಬಿಸಿಲು ನೇರ ಬೀಳದ ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಮಡಿಕೆಯಲ್ಲೇ ಹರಿಯುವುದರಿಂದ ಮತ್ತೆ ಮತ್ತೆ ಮಡಚದೆ ಅಗಲವಾದ ಕವರಿನಲ್ಲಿ ಚಪ್ಪಟೆಯಾಗಿ ಇಡಿ. ಓದುವ ದಿನ ಮಾತ್ರ ಫೋಟೊ ಪ್ರಿಂಟ್ ಬೇಡ, ಮೂಲ ಪತ್ರವನ್ನೇ ಅಪ್ಪನ ಕೈಗೆ ಕೊಡಿ.