ಚೆಕ್ ಎಂಜಿನ್ ಲೈಟ್ ಉರೀತಿದೆ. ಒಬಿಡಿ ಸ್ಕ್ಯಾನರ್‌ನಲ್ಲಿ P0171 ಅಂತ ಬಂತು. ಯಾವ ಪಾರ್ಟ್ ಬದಲಾಯಿಸಬೇಕು? ಕೋಡ್ ಕ್ಲಿಯರ್ ಮಾಡಿದ್ರೆ ಸಾಕಾ? ನಾನು ಇದಕ್ಕೆ ಹೊಸಬ.

ಎರಡೂ ಬೇಡ. ಅದೇ ಕೋಡು ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲೂ ಬಂದಿತ್ತು. ನಾನು ಮೊದಲು ಕ್ಲಿಯರ್ ಮಾಡಿದೆ, ಆಮೇಲೆ ಪಾರ್ಟ್ ಬದಲಿಸಿದೆ. ಎರಡೂ ದಂಡ.

ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಕೀ ಆನ್ ಮಾಡಿ, ಮೊಬೈಲ್ ಆ್ಯಪ್ ತೆರೆದಾಗ `System Too Lean (Bank 1)` ಅಂತ ಬಂತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ. ಪಕ್ಕದಲ್ಲೇ ಕ್ಲಿಯರ್ ಬಟನ್ ಇತ್ತು, ಒತ್ತಿಬಿಟ್ಟೆ. ಲೈಟ್ ಆರಿತು, ಖುಷಿಯಾಯಿತು.

ಆ ಬಟನ್ ಒತ್ತಿದರೆ ಏನೇನು ಹೋಗುತ್ತೆ ಅಂತ ಯಾರೂ ಸರಿಯಾಗಿ ಹೇಳಲ್ಲ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ತಿರುಗುತ್ತಿತ್ತು, ಎಷ್ಟು ಬಿಸಿ ಇತ್ತು, ಗಾಡಿ ಓಡುತ್ತಿತ್ತಾ ನಿಂತಿತ್ತಾ ಎಂಬುದನ್ನು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬರೆದಿಟ್ಟಿರುತ್ತೆ. ಆ್ಯಪ್‌ನಲ್ಲಿ ಅದು `Freeze Frame`. ಕೋಡಿನ ಜೊತೆ ಅದೂ ಅಳಿಸಿಹೋಗುತ್ತೆ. ಎಂಜಿನ್ ಅಷ್ಟು ದಿನ ಓಡಿ ಕಲಿತ ಪೆಟ್ರೋಲ್ ಲೆಕ್ಕವೂ ಸಾಮಾನ್ಯವಾಗಿ ಸೊನ್ನೆಗೆ ಬರುತ್ತೆ. ಅಂದರೆ ಕಾಯಿಲೆ ಹಾಗೇ ಇದೆ, ಸುಳಿವು ಮಾತ್ರ ಹೋಯಿತು. ಕೆಲವು ದಿನ ಓಡಿಸಿದ ಮೇಲೆ ಲೈಟ್ ಮತ್ತೆ ಬಂತು.

ಆಗ ಒಂದು ಗ್ಯಾರೇಜಿಗೆ ಹೋದೆ. ಕೋಡ್ ನೋಡಿದವರೇ "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಅಂದರು. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದೆ. ಲೈಟ್ ಮತ್ತೆ ಹಾಜರ್. ಥರ್ಮಾಮೀಟರ್ ಬದಲಿಸಿದರೆ ಜ್ವರ ಇಳಿಯುತ್ತಾ?

ಆ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಪೆಟ್ರೋಲ್ ಸಾಲದು ಅಂತ ಅರ್ಥ, ಇಸಿಯು ಇನ್ನಷ್ಟು ಸುರಿಸುತ್ತೆ. ಎಷ್ಟು ಪರ್ಸೆಂಟ್ ಜಾಸ್ತಿ ಅನ್ನೋದೇ `STFT` ಮತ್ತು `LTFT`. ಮೊದಲನೆಯದು ಆ ಕ್ಷಣದ್ದು, ಎರಡನೆಯದು ದಿನಗಟ್ಟಲೆ ಕಲಿತದ್ದು. ಸರಿ ಇರುವ ಗಾಡಿಯಲ್ಲಿ ಎರಡೂ ಕೂಡಿದರೆ ಸೊನ್ನೆಯ ಆಸುಪಾಸು, ಹತ್ತರೊಳಗೆ ಇರುತ್ತೆ. ಸುರಿಸಿ ಸುರಿಸಿ ಮಿತಿ ಮುಟ್ಟಿದಾಗ P0171 ಬೀಳುತ್ತೆ. ಇದರಲ್ಲಿ ಯಾವ ಪಾರ್ಟಿನ ಹೆಸರೂ ಇಲ್ಲ, ನೋಡಿ.

ಈ ಸಲ ನಾನು ಕ್ಲಿಯರ್ ಮುಟ್ಟಲಿಲ್ಲ. ಫ್ರೀಜ್ ಫ್ರೇಮ್ ತೆರೆದೆ: ವೇಗ 0, ಆರ್‌ಪಿಎಂ 780, `LTFT` +22. ಅಂದರೆ ಗಾಡಿ ನಿಂತು ಐಡಲ್‌ನಲ್ಲಿದ್ದಾಗಲೇ ಕೋಡ್ ಬಿದ್ದಿದೆ. ಎಂಜಿನ್ ಬಿಸಿ ಮಾಡಿ ಲೈವ್ ಡೇಟಾ ನೋಡಿದೆ. ಐಡಲ್‌ನಲ್ಲಿ ಎರಡೂ ಕೂಡಿ +28. ಆಕ್ಸಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಅದೇ ಲೆಕ್ಕ +6ಕ್ಕೆ ಇಳಿಯಿತು.

ಇಲ್ಲೇ ಉತ್ತರ ಇತ್ತು. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಎಲ್ಲೋ ತೂತಾಗಿದೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಈ ಕಳ್ಳ ಗಾಳಿಯ ಪಾಲು ದೊಡ್ಡದು. ಜೋರಾಗಿ ತಿರುಗುವಾಗ ಆ ಪಾಲು ತೀರಾ ಚಿಕ್ಕದು. ಉಲ್ಟಾ ಆಗಿ, ಲೋಡ್ ಹಾಕಿದಾಗ ಅಂಕಿ ಏರಿದ್ದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಗಾಳಿ ಸೆನ್ಸರ್ ಕಡೆ ನೋಡಬೇಕಿತ್ತು.

ಬಾನೆಟ್ ಎತ್ತಿ ರಬ್ಬರ್ ಹೋಸುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಅದುಮಿದೆ. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕಿಗೆ ಒಯ್ಯುವ ಪಿಸಿವಿ ಹೋಸನ್ನು ಅದುಮಿದ ಕೂಡಲೇ `STFT` ಸರಸರ ಇಳಿಯಿತು. ಬಾಗಿದ ಜಾಗದಲ್ಲಿ, ಕೆಳಭಾಗದಲ್ಲಿ ಸೀಳಿತ್ತು, ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ಹೊಸ ಹೋಸಿಗೆ ಕೆಲವು ನೂರು ರೂಪಾಯಿ. ಅದನ್ನು ಹಾಕಿದ ಮೇಲೆ ಕೋಡ್ ಅಳಿಸಿದೆ, ಕ್ಲಿಯರ್ ಬಟನ್ ಒತ್ತಬೇಕಾದ್ದು ಆಗಲೇ. (ಕ್ಲೀನರ್ ಸ್ಪ್ರೇ ಹೊಡೆದು ತೂತು ಹುಡುಕುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಹತ್ತಿಕೊಳ್ಳಬಹುದು, ಬೇಡ.)

ಈಗ ನೀವು ಮಾಡಬೇಕಾದ್ದು: ಫ್ರೀಜ್ ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಐಡಲ್ ಮತ್ತು 2500ರ ಎರಡು ಅಂಕಿ ಬರೆದುಕೊಳ್ಳಿ. ಆ ಕಾಗದ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ. ಲೈಟ್ ಮಿಣುಕುತ್ತಿದ್ದರೆ ಮಾತ್ರ ಇದೆಲ್ಲ ಬಿಡಿ. ಅದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು, ಗಾಡಿ ನಿಲ್ಲಿಸಿ. ಇನ್ನೊಂದು ಮಾತು: ಕೆಲವು ಕಾರುಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಬದಲು ಇನ್‌ಟೇಕ್ ಒತ್ತಡ ಅಳೆಯುವ ಸೆನ್ಸರ್ ಇರುತ್ತೆ. ಅಲ್ಲಿ ತೂತಾದರೆ ಐಡಲ್ ಆರ್‌ಪಿಎಂ ಏರುವುದೇ ಜಾಸ್ತಿ, ನಾನು ಹೇಳಿದ ಏರಿಳಿತ ಇಷ್ಟು ಸ್ಪಷ್ಟವಾಗಿ ಕಾಣಲ್ಲ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.