ಮರಳಿನ ಗೇಮ್‌ನಲ್ಲಿ ನೀರು ಒಂದೇ ಕಡೆಗೆ ಓಡಿದರೆ

"ಮರಳು, ನೀರು ಸುರಿಯೋ ಗೇಮ್ ಬರೀತಿದ್ದೀನಿ. ನೀರು ಯಾವಾಗಲೂ ಬಲಕ್ಕೇ ಓಡುತ್ತೆ. ಎರಡು ಗ್ರಿಡ್ ಇಟ್ಟುಕೊಂಡ್ರೆ ಸರಿಹೋಗುತ್ತಾ?"

ನೀರು ಸರಿಹೋಗುತ್ತೆ, ಮರಳು ಮಾಯವಾಗುತ್ತೆ. ಎರಡನೇ ಗ್ರಿಡ್ ಬೇಡ.

ನಾನು ವಿರಾಜಪೇಟೆಯಲ್ಲಿ ಕೂತು ಮಡಿಕೇರಿ ಕಡೆಯ ಗುಡ್ಡದಂಥ ಲೆವೆಲ್ ಮಾಡುತ್ತಿದ್ದೆ. ಮಳೆ ಸುರಿಯಬೇಕು, ಮಣ್ಣು (ಕೋಡ್‌ನಲ್ಲಿ ಮರಳೇ) ಜಾರಬೇಕು, ನೀರು ಕೆಳಗಿನ ಗದ್ದೆಗಳಲ್ಲಿ ನಿಲ್ಲಬೇಕು. ಎಲ್ಲಾ ನೀರು ಬಲಗಡೆ ಗದ್ದೆಗೇ ಹೋಗುತ್ತಿತ್ತು. ಗೇಮ್ ಆಫ್ ಲೈಫ್‌ಗೆ ಮಾಡುವ ಹಾಗೆ ಹಳೇ ಗ್ರಿಡ್ ಓದಿ ಹೊಸದರಲ್ಲಿ ಬರೆದೆ. ನೀರು ಎರಡೂ ಕಡೆ ಹರಿಯಿತು. ಅದರ ಮೇಲೇ ಕೆಸರು, ಬೆಂಕಿ ಎಲ್ಲ ಕಟ್ಟಿದ ಮೇಲೆ ನೋಡಿದರೆ, ಗುಡ್ಡ ಜಾರಿದಷ್ಟೂ ಮಣ್ಣು ಕಮ್ಮಿಯಾಗುತ್ತಿದೆ!

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. 5ನೇ ಸಾಲಿನ 4 ಮತ್ತು 6ನೇ ಚೌಕದಲ್ಲಿ ಒಂದೊಂದು ಮರಳಿನ ಕಾಳು ಇದೆ. ನೇರ ಕೆಳಗೆ ಎರಡಕ್ಕೂ ಜಾಗ ಇಲ್ಲ. ನಡುವೆ, 6ನೇ ಸಾಲಿನ 5ನೇ ಚೌಕ ಮಾತ್ರ ಖಾಲಿ. ಎರಡೂ ಓರೆಯಾಗಿ ಅಲ್ಲಿಗೇ ಜಾರುತ್ತವೆ. ಹಳೇ ಗ್ರಿಡ್‌ನಲ್ಲಿ ಅದು ಇಬ್ಬರಿಗೂ ಖಾಲಿಯಾಗೇ ಕಾಣುತ್ತೆ. ಹೊಸ ಗ್ರಿಡ್‌ನಲ್ಲಿ ಇಬ್ಬರೂ ಅದೇ ಚೌಕದಲ್ಲಿ ಬರೆಯುತ್ತಾರೆ. ಎರಡು ಕಾಳು ಹೋಗಿ ಒಂದಾಯಿತು. ಗೇಮ್ ಆಫ್ ಲೈಫ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಪ್ರತಿ ಚೌಕ ತನ್ನದನ್ನು ಮಾತ್ರ ಬರೆಯುತ್ತೆ. ಇಲ್ಲಿ ಪಕ್ಕದವರ ಜಾಗಕ್ಕೆ ನುಗ್ಗುತ್ತೆ. ಒಂದೇ ಗ್ರಿಡ್ ಇದ್ದರೆ ಮೊದಲು ಬಂದವನಿಗೆ ಜಾಗ, ಎರಡನೆಯವನು ನಿಂತಲ್ಲೇ ನಿಲ್ಲುತ್ತಾನೆ.

ನಿಮ್ಮ ನೀರಿಗೆ ಬಂದಿರುವ ರೋಗ ಬೇರೆ. ಎಡದಿಂದ ಬಲಕ್ಕೆ ನೋಡುತ್ತಾ ಹೋಗುವಾಗ, ಬಲಕ್ಕೆ ಸರಿದ ಹನಿ ಮುಂದಿನ ಚೌಕದಲ್ಲಿ ಮತ್ತೆ ಸಿಗುತ್ತೆ, ಮತ್ತೆ ಸರಿಯುತ್ತೆ. ಒಂದೇ ಫ್ರೇಮ್‌ನಲ್ಲಿ ಗೋಡೆವರೆಗೂ ಹೋಗಿಬಿಡುತ್ತೆ. ಎಡಕ್ಕೆ ಹೋದದ್ದು ಒಂದೇ ಹೆಜ್ಜೆ. ಮೇಲಿಂದ ಕೆಳಗೆ ನೋಡಿದರೆ ಮರಳಿನ ಗತಿಯೂ ಇದೇ, ಬೀಳೋದೇ ಕಾಣದೆ ನೆಲಕ್ಕೆ ಹಾರುತ್ತೆ. ಹಾಗಾಗಿ ಕೆಳಗಿಂದ ಮೇಲಕ್ಕೆ ಹೋಗಿ, ದಿಕ್ಕನ್ನು ಫ್ರೇಮ್‌ಗೊಮ್ಮೆ ತಿರುಗಿಸಿ, ಸರಿದ ಚೌಕಕ್ಕೆ ಗುರುತು ಹಾಕಿ:

```
for (let y = H - 1; y >= 0; y--)
  for (let i = 0; i < W; i++) {
    const x = frame % 2 ? i : W - 1 - i;
    if (moved[y * W + x] !== frame) step(x, y);
  }
```

`step` ಒಳಗೆ ಅದಲುಬದಲಾದ ಎರಡೂ ಚೌಕಕ್ಕೆ `moved`ನಲ್ಲಿ ಈಗಿನ `frame` ಬರೆಯಿರಿ. ಮರಳು ನೀರಲ್ಲಿ ಮುಳುಗಿದಾಗ ನೀರು ಒಂದು ಸಾಲು ಮೇಲೆ ಬರುತ್ತೆ. ಅದರ ಮೇಲೂ ಮರಳಿದ್ದರೆ ಅದೇ ಹನಿ ಅದೇ ಫ್ರೇಮ್‌ನಲ್ಲಿ ಇನ್ನೊಂದು ಸಾಲು ಮೇಲೇರುತ್ತೆ, ಹಾಗಾಗಿ ಮರಳನ್ನು ನೀರಿನ ಜೊತೆ ಅದಲುಬದಲು ಮಾಡುವ ಮುಂಚೆ ಆ ನೀರಿನ ಚೌಕದ ಗುರುತನ್ನೂ ನೋಡಿ.

ಪ್ರತಿ ಫ್ರೇಮ್ ಮರಳಿನ ಚೌಕ ಎಷ್ಟು, ನೀರಿನದು ಎಷ್ಟು ಅಂತ ಎಣಿಸಿ ತೆರೆಯ ಮೂಲೆಯಲ್ಲಿ ತೋರಿಸಿ. ಸುರಿಯೋದು ನಿಲ್ಲಿಸಿದ ಮೇಲೂ ಅಂಕಿ ಅಲುಗಾಡಿದರೆ ಎಲ್ಲೋ ಒಂದು ಚೌಕದ ಮೇಲೆ ಇನ್ನೊಂದು ಬರೆಯುತ್ತಿದೆ ಅಂತ ಅರ್ಥ. ಅದು ಸರಿಯಾಗೋವರೆಗೆ ಹೊಸ ವಸ್ತು ಸೇರಿಸಲೇಬೇಡಿ.